ಗದ್ದಲದ ಫ್ಲ್ಯಾಟಿನಲ್ಲಿ ತಿಳಿಯಾದ ದನಿ

ಧ್ವನಿಪುಸ್ತಕಕ್ಕೋ, ಯೂಟ್ಯೂಬ್ ವಿಡಿಯೊಗೋ, ಶಾಲೆಯ ಪಾಠಕ್ಕೋ ಮನೆಯಲ್ಲೇ ದನಿ ಕೊಡಲು ಹೊರಟವರು ಮೊದಲು ಮಾಡುವ ಕೆಲಸ ಗೋಡೆಗೆ ಕಂಬಳಿ ಕಟ್ಟುವುದು. ಕಟ್ಟಿ, ರೆಕಾರ್ಡ್ ಮಾಡಿ ಕೇಳಿದರೆ ರಸ್ತೆಯ ಹಾರ್ನ್ ಮೊದಲಿನಷ್ಟೇ ಜೋರಾಗಿರುತ್ತದೆ. ಅಲ್ಲಿಗೆ ಕಂಬಳಿಯ ಮೇಲಿನ ನಂಬಿಕೆ ಹೋಗುತ್ತದೆ. ಆದರೆ ಹಾರ್ನ್ ತಡೆಯುವುದು ಕಂಬಳಿಯ ಕೆಲಸವೇ ಅಲ್ಲ. ಅದು ಮಾಡುವ ಕೆಲಸ ಬೇರೆ, ಅದನ್ನು ಬಹಳ ಚೆನ್ನಾಗಿ ಮಾಡುತ್ತದೆ.

ರೆಕಾರ್ಡಿಂಗನ್ನು ಕೆಡಿಸುವುದು ಎರಡು ಬಗೆಯ ಸದ್ದು. ಒಂದು, ಹೊರಗಿನಿಂದ ಒಳಗೆ ಬರುವುದು: ಬಸ್ಸು, ಲಿಫ್ಟು, ಪಕ್ಕದ ಮನೆಯ ಮಿಕ್ಸಿ, ಸಂಪಿನಿಂದ ನೀರೆತ್ತುವ ಮೋಟರು. ಇನ್ನೊಂದು ನಿಮ್ಮದೇ ದನಿ. ಬಾಯಿಂದ ಹೊರಟ ಮಾತು ಗೋಡೆಗೆ, ನೆಲಕ್ಕೆ, ಕಿಟಕಿಯ ಗಾಜಿಗೆ ಬಡಿದು ಒಂದಿಷ್ಟು ತಡವಾಗಿ ಮೈಕಿಗೆ ಬಂದು ಸೇರುತ್ತದೆ. ಬಾವಿಯಿಂದ ಮಾತನಾಡಿದ ಹಾಗೆ ಕೇಳುವುದು ಇದರಿಂದಲೇ. ಕಂಬಳಿ ಹೀರುವುದು ಈ ಎರಡನೆಯದನ್ನು. ಮೊದಲನೆಯದನ್ನು ತಡೆಯಲು ಭಾರವಾದ ಗೋಡೆ ಬೇಕು, ಗಾಳಿ ನುಸುಳದಂತೆ ಮುಚ್ಚಿದ ಸಂದು ಬೇಕು. ಬಾಡಿಗೆ ಫ್ಲ್ಯಾಟಿನಲ್ಲಿ ಹೊಸ ಗೋಡೆ ಕಟ್ಟಲಾಗದು. ಹಾಗಾಗಿ ಹೊರಗಿನ ಸದ್ದಿಗೆ ಉಳಿಯುವ ಮದ್ದು ಮೂರೇ: ಅದರಿಂದ ದೂರದ ಕೋಣೆ, ಅದು ತಗ್ಗುವ ಹೊತ್ತು, ಮತ್ತು ಬಾಯಿಗೆ ಹತ್ತಿರದ ಮೈಕು.

ಬೆಂಗಳೂರಿನ ಒಂದು ಸಾಧಾರಣ ಮನೆಯನ್ನೇ ತೆಗೆದುಕೊಳ್ಳೋಣ. ಮೂರನೇ ಮಹಡಿ, ಎರಡು ಬೆಡ್‌ರೂಮು. ಹಾಲಿನ ಬಾಲ್ಕನಿ ಬಸ್ಸು ಓಡಾಡುವ ರಸ್ತೆಗೆ ತೆರೆದಿದೆ. ಚಿಕ್ಕ ಬೆಡ್‌ರೂಮಿನ ಗೋಡೆಯಾಚೆ ಲಿಫ್ಟು. ದೊಡ್ಡ ಬೆಡ್‌ರೂಮು ಹಿಂಭಾಗದಲ್ಲಿದ್ದು, ಅದರ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದೆ. ಹಾಲನ್ನು ಮೊದಲೇ ಬಿಟ್ಟುಬಿಡಬಹುದು. ಅಲ್ಲಿ ರಸ್ತೆಯೂ ಇದೆ, ಗಾಜಿನ ಬಾಗಿಲೂ ಇದೆ, ಖಾಲಿ ಟೈಲ್ಸ್ ನೆಲವೂ ಇದೆ. ಬಚ್ಚಲುಮನೆ ರಸ್ತೆಯಿಂದ ದೂರ ಎಂದು ಕೆಲವರು ಅಲ್ಲಿಗೆ ಹೋಗುತ್ತಾರೆ. ನಾಲ್ಕೂ ಕಡೆ ಟೈಲ್ಸ್ ಇರುವ ಜಾಗದಲ್ಲಿ ಹಾಡಿದರೆ ದನಿ ತುಂಬಿ ಬರುತ್ತದೆ, ಆದರೆ ಅದೇ ಕಾರಣಕ್ಕೆ ಓದಿಗೆ ಅದಕ್ಕಿಂತ ಕೆಟ್ಟ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಚಿಕ್ಕ ಬೆಡ್‌ರೂಮಿನಲ್ಲಿ ಲಿಫ್ಟು ಯಾವಾಗ ಸದ್ದು ಮಾಡುತ್ತದೆಂದು ಹೇಳಲಾಗದು. ಉಳಿದದ್ದು ಹಿಂದಿನ ಬೆಡ್‌ರೂಮು. ಅಲ್ಲಿ ದಪ್ಪ ಹಾಸಿಗೆಯಿದೆ, ಪರದೆಯಿದೆ, ಬಟ್ಟೆ ತುಂಬಿದ ಬೀರು ಇದೆ. ಈ ಮೂರೂ ದನಿಯನ್ನು ಹೀರುವ ವಸ್ತುಗಳೇ, ಅದೂ ಖರ್ಚಿಲ್ಲದೆ ಸಿಕ್ಕಿದವು.

ಆಯ್ಕೆ ಸರಿಯೇ ಎಂದು ತಿಳಿಯಲು ಪ್ರತಿ ಕೋಣೆಯ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆಯೇ ‘ಟರ್ರ್’ ಎಂಬ ಬಾಲ ಕೇಳಿದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಓಡಾಡುತ್ತಿದೆ ಎಂದರ್ಥ. ತಟ್ಟಿದ ಕೂಡಲೇ ಸತ್ತುಹೋದರೆ ಒಳ್ಳೆಯ ಕೋಣೆ. ಆಮೇಲೆ ಅದೇ ನಾಲ್ಕು ಸಾಲನ್ನು ಪ್ರತಿ ಕೋಣೆಯಲ್ಲೂ ಓದಿ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿ. ಮಾತಿಗಿಂತ ಮಾತಿನ ನಡುವಿನ ಬಿಡುವಿಗೆ ಹೆಚ್ಚು ಕಿವಿಗೊಡಿ. ಕೋಣೆಯ ಗುಣ ಬಯಲಾಗುವುದು ಅಲ್ಲೇ.

ಇನ್ನು ಕಂಬಳಿಯ ವಿಚಾರ. ಬೀರುವಿನ ಬಾಗಿಲು ತೆರೆದು, ತೂಗುಬಿಟ್ಟ ಬಟ್ಟೆಗಳಿಗೆ ಮುಖ ಮಾಡಿ ಕುಳಿತರೆ ಮುಂದೆ ಹೋದ ದನಿಯ ಬಹುಪಾಲು ಬಟ್ಟೆಯಲ್ಲೇ ಕರಗುತ್ತದೆ. ಆದರೆ ಫೋನಿನ ಮೈಕು ಹೆಚ್ಚುಕಡಿಮೆ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ಬೆನ್ನ ಹಿಂದಿನ ಗೋಡೆಯನ್ನೂ ನೋಡಿಕೊಳ್ಳಬೇಕು. ಬಟ್ಟೆ ಒಣಗಿಸುವ ಸ್ಟ್ಯಾಂಡನ್ನು ಹಿಂದೆ ನಿಲ್ಲಿಸಿ ಅದರ ಮೇಲೆ ದಪ್ಪ ಕಂಬಳಿಯನ್ನೋ ರಜಾಯಿಯನ್ನೋ ಇಳಿಬಿಡಿ. ಚಳ್ಳಕೆರೆಯ ಉಣ್ಣೆ ಕಂಬಳಿ ಇದ್ದರೆ ಒಳ್ಳೆಯದು. ಉತ್ತರ ಕರ್ನಾಟಕದ ಮನೆಗಳ ಕೌದಿ, ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದದ್ದು, ಅದೂ ಆಗುತ್ತದೆ, ಎರಡು ಮಡಿಕೆ ಹಾಕಿದರೆ ಇನ್ನೂ ಉತ್ತಮ. ಬಿಗಿಯಾಗಿ ಎಳೆದು ಕಟ್ಟಬೇಡಿ. ನೆರಿಗೆ ನೆರಿಗೆಯಾಗಿ ಬಿಡಿ, ಗೋಡೆಗೆ ಅಂಟಿಸದೆ ಒಂದು ಕೈ ತೂರುವಷ್ಟು ಜಾಗ ಇಟ್ಟರೆ ಅದೇ ಕಂಬಳಿ ಹೆಚ್ಚು ಹೀರುತ್ತದೆ. ಕಾಲ ಕೆಳಗೆ ಜಮಖಾನ ಹಾಸಿ.

ಇಲ್ಲೊಂದು ಮಿತಿಯಿದೆ. ‘ಸ’, ‘ಶ’ದಂಥ ಚೂಪು ಸದ್ದಿನ ಅಲೆ ಕೆಲವೇ ಸೆಂಟಿಮೀಟರ್ ಉದ್ದ, ಅದನ್ನು ಬೆಡ್‌ಶೀಟೂ ಒಂದಿಷ್ಟು ಹಿಡಿಯುತ್ತದೆ. 100 ಹರ್ಟ್ಜ್‌ನ ಗಂಡುದನಿಯ ತಳದ ಗುಂಗಿಗಾದರೋ, ಬಸ್ಸಿನ ಗುಡುಗುಡಿಗಾದರೋ ಅಲೆ ಸುಮಾರು ಮೂರೂವರೆ ಮೀಟರ್ ಉದ್ದ. ಅದಕ್ಕೆ ಎರಡು ಬೆರಳು ದಪ್ಪದ ಕಂಬಳಿ ಲೆಕ್ಕಕ್ಕೇ ಇಲ್ಲ. ತಲೆಯ ಮೇಲೆಲ್ಲ ಕಂಬಳಿ ಹೊದ್ದು ಒಳಗೆ ಕುಳಿತು ಓದಿದವರ ದನಿ ಮಂಕಾಗಿ, ಡಬ್ಬಿಯೊಳಗಿನಿಂದ ಬಂದಂತೆ ಕೇಳುವುದು ಇದಕ್ಕೇ: ಚೂಪೆಲ್ಲ ಹೀರಿಹೋಗಿ ಗುಂಗು ಮಾತ್ರ ಉಳಿದಿರುತ್ತದೆ. ಮೇಲಾಗಿ ಸೆಕೆ. ಮುಖದ ಸುತ್ತ ಒಂದು ಮೊಳವಾದರೂ ಬಯಲಿರಲಿ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ರೂಢಿಯೂ ಇದೆ. ಆ ತೆಳು ರಟ್ಟಿನಿಂದ ಆಗುವ ಲಾಭ ತೀರಾ ಅಲ್ಪ, ಶ್ರಮ ಬೇಡ.

ಇಷ್ಟೆಲ್ಲಕ್ಕಿಂತ ಹೆಚ್ಚು ಬದಲಾವಣೆ ತರುವುದು ಫೋನು ಇಡುವ ಜಾಗ. ಮೈಕು ಬಾಯಿಂದ ಇರುವ ದೂರ ಅರ್ಧಕ್ಕಿಳಿದರೆ ನಿಮ್ಮ ದನಿ ಸುಮಾರು 6 ಡೆಸಿಬಲ್ ಹೆಚ್ಚು ಗಟ್ಟಿಯಾಗಿ ಸಿಗುತ್ತದೆ. ರಸ್ತೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ, ಏಕೆಂದರೆ ರಸ್ತೆಗೂ ಮೈಕಿಗೂ ಇರುವ ದೂರ ಬದಲಾಗಿಲ್ಲ. ಮೇಜಿನ ಆಚೆ 60 ಸೆಂಟಿಮೀಟರ್ ದೂರದಲ್ಲಿದ್ದ ಫೋನನ್ನು 15 ಸೆಂಟಿಮೀಟರಿಗೆ ತಂದರೆ 12 ಡೆಸಿಬಲ್ ಲಾಭ. ರಸ್ತೆಯ ಸದ್ದಿಗೆ ಹೋಲಿಸಿದರೆ ನಿಮ್ಮ ದನಿ ಮೊದಲಿಗಿಂತ ನಾಲ್ಕು ಪಟ್ಟು ಬಲವಾಗಿ ದಾಖಲಾಗುತ್ತದೆ. ಗೋಡೆಯಿಂದ ಮರಳುವ ದನಿಗೂ ಇದೇ ಲೆಕ್ಕ. ಒಂದು ಚೋಟು, ಅಂದರೆ ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಇರುವ ಅಗಲ, ಇದನ್ನೇ ಅಳತೆಯಾಗಿ ಇಟ್ಟುಕೊಳ್ಳಬಹುದು.

ಮೈಕು ಎಲ್ಲಿದೆ ಎಂದು ಗೊತ್ತಿರಬೇಕು, ಬಹಳ ಜನ ಫೋನಿನ ಪರದೆಗೆ ಮಾತನಾಡುತ್ತಾರೆ. ಮುಖ್ಯ ಮೈಕು ಸಾಮಾನ್ಯವಾಗಿ ಕೆಳ ಅಂಚಿನಲ್ಲಿ, ಚಾರ್ಜರ್ ಚುಚ್ಚುವ ರಂಧ್ರದ ಪಕ್ಕ ಇರುತ್ತದೆ. ಖಚಿತವಾಗಬೇಕಾದರೆ ರೆಕಾರ್ಡ್ ಒತ್ತಿ ನಾಲ್ಕೂ ಅಂಚನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಎಲ್ಲಿ ಕೆರೆದದ್ದು ಅತಿ ಜೋರಾಗಿ ಕೇಳುತ್ತದೋ ಅದೇ ಮೈಕು. ಕೆಲವು ಮೊಬೈಲ್ ಸ್ಟ್ಯಾಂಡುಗಳ ತುಟಿ ಸರಿಯಾಗಿ ಇದೇ ರಂಧ್ರವನ್ನು ಮುಚ್ಚುತ್ತದೆ. ಅದರ ಬದಲು ದಪ್ಪ ಪುಸ್ತಕಗಳ ಅಟ್ಟಿ ಮಾಡಿ, ಮೇಲೆ ಮಡಿಸಿದ ಟವೆಲ್ ಇಟ್ಟು, ಕೆಳ ಅಂಚು ನಿಮ್ಮ ಕಡೆ ಬರುವಂತೆ ಫೋನು ಮಲಗಿಸಿ. ಟವೆಲ್ ಮೇಜಿನ ಅದುರನ್ನು ನುಂಗುತ್ತದೆ. ಫೋನು ಕೈಯಲ್ಲಿ ಹಿಡಿದು ಓದಿದರೆ ಬೆರಳು ಅಲುಗಿದ್ದೆಲ್ಲ ರೆಕಾರ್ಡ್ ಆಗುತ್ತದೆ.

ಇಷ್ಟು ಹತ್ತಿರ ಬಂದ ಮೇಲೆ ಹೊಸ ತೊಂದರೆ ಶುರು: ಉಸಿರು. ‘ಪ’, ‘ಬ’ ಹೇಳುವಾಗ ತುಟಿಯಿಂದ ಗಾಳಿ ಸಿಡಿಯುತ್ತದೆ. ‘ಫ’, ‘ಭ’ದಂಥ ಮಹಾಪ್ರಾಣಗಳಲ್ಲಿ ಇನ್ನೂ ಜೋರು. ಆ ಗಾಳಿ ಮೈಕಿಗೆ ತಗುಲಿದರೆ ‘ಧಬ್’ ಎಂಬ ಗುದ್ದು ದಾಖಲಾಗುತ್ತದೆ. ಅಂಗೈಯನ್ನು ಬಾಯೆದುರು ಹಿಡಿದು ‘ಭಾರತ, ಫಲ, ಪಾಪ’ ಎಂದು ಹೇಳಿ ನೋಡಿ, ಗಾಳಿ ತಾಗುತ್ತದೆ. ಹಾಗೆಯೇ ಹೇಳುತ್ತಾ ಅಂಗೈಯನ್ನು ಬಾಯಿಯ ಅಂಚಿನ ಕಡೆಗೆ ಸರಿಸಿ, ಒಂದು ಹಂತದಲ್ಲಿ ಗಾಳಿ ನಿಲ್ಲುತ್ತದೆ. ಫೋನು ಇರಬೇಕಾದ ಕೋನ ಅದು. ದೂರ ಒಂದು ಚೋಟೇ ಇರಲಿ, ಬಾಯಿಗೆ ನೇರವಾಗಿ ಮಾತ್ರ ಬೇಡ. ದನಿ ಎಲ್ಲ ಕಡೆ ಹರಡುವುದರಿಂದ ಬದಿಯಲ್ಲಿದ್ದರೂ ಮಾತು ಸ್ಪಷ್ಟವಾಗಿಯೇ ಬರುತ್ತದೆ.

ಹೊತ್ತಿನ ಆಯ್ಕೆಗೆ ಪಂಚಾಂಗ ನೋಡಬೇಕಿಲ್ಲ. ಒಂದು ದಿನ ಕೋಣೆಯಲ್ಲಿ ಗಂಟೆಗೊಮ್ಮೆ ಒಂದು ನಿಮಿಷ ಸುಮ್ಮನೆ ರೆಕಾರ್ಡ್ ಮಾಡಿಟ್ಟರೆ ಸಾಕು. ನಾವು ತೆಗೆದುಕೊಂಡಂಥ ಮನೆಯಲ್ಲಿ ಬೆಳಗ್ಗೆ ನೀರಿನ ಮೋಟರು, ಕುಕ್ಕರ್ ಸೀಟಿ. ಸಂಜೆ ಮಕ್ಕಳ ಆಟ, ಟೀವಿ. ಊಟವಾದ ಮೇಲಿನ ಮಧ್ಯಾಹ್ನ ಮತ್ತು ರಾತ್ರಿ ಹತ್ತೂವರೆಯ ನಂತರ ಸಾಮಾನ್ಯವಾಗಿ ತಗ್ಗು. ಕೂರುವ ಮುಂಚೆ ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಫ್ರಿಜ್ಜಿನ ಗುಂಯ್ ಕೇಳುತ್ತಿದ್ದರೆ ಅದನ್ನೂ ಆರಿಸಿ, ಮನೆಯ ಬೀಗದ ಕೈಯನ್ನು ಅದರೊಳಗೇ ಇಟ್ಟುಬಿಡಿ. ಹೊರಗೆ ಹೊರಟಾಗ ಕೀ ಹುಡುಕಿಕೊಂಡು ಬರಲೇಬೇಕು, ಫ್ರಿಜ್ಜು ಹಾಕುವುದು ಮರೆಯುವುದಿಲ್ಲ. ಫ್ಯಾನಿಲ್ಲದೆ ತಾಸುಗಟ್ಟಲೆ ಕೂರಲಾಗದು, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಬನ್ನಿ.

ಓದಲು ಶುರು ಮಾಡುವ ಮುಂಚೆ ಹತ್ತು ಸೆಕೆಂಡ್ ಉಸಿರು ಬಿಗಿಹಿಡಿದಂತೆ ಸುಮ್ಮನಿದ್ದು ಕೋಣೆಯ ಮೌನವನ್ನು ದಾಖಲಿಸಿ. ಆಮೇಲೆ ಇದು ಎರಡು ಕಡೆ ಉಪಯೋಗಕ್ಕೆ ಬರುತ್ತದೆ. ತಪ್ಪು ಓದನ್ನು ಕತ್ತರಿಸಿದಲ್ಲಿ ಈ ಮೌನವನ್ನು ತುಂಬಿದರೆ ಕತ್ತರಿಸಿದ್ದು ಗೊತ್ತಾಗುವುದಿಲ್ಲ. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಇದೇ ತುಂಡನ್ನು ಆರಿಸಿ, Noise Reduction ಒಳಗೆ Get Noise Profile ಒತ್ತಿದರೆ, ಯಾವ ಸದ್ದನ್ನು ತಗ್ಗಿಸಬೇಕೆಂದು ಅದಕ್ಕೆ ತಿಳಿಯುತ್ತದೆ. ಬಳಿಕ ಇಡೀ ಓದನ್ನು ಆರಿಸಿ 6 ಡೆಸಿಬಲ್ಲಿನಷ್ಟು ಮಾತ್ರ ತಗ್ಗಿಸಿ. ಆಸೆಪಟ್ಟು 20 ಕೊಟ್ಟರೆ ದನಿ ನೀರೊಳಗಿನಿಂದ ಬಂದಂತಾಗುತ್ತದೆ. ಕನ್ನಡದ ಓದಿಗೆ ಇದರಿಂದ ವಿಶೇಷ ಹಾನಿ. ನಮ್ಮ ಹೆಚ್ಚಿನ ಪದಗಳು ಸ್ವರದಲ್ಲಿ ಮುಗಿಯುತ್ತವೆ, ವಾಕ್ಯದ ಕೊನೆಯ ‘ಬರುತ್ತದೆ’, ‘ಹೋದನು’ಗಳ ಕೊನೆಯ ಸ್ವರ ಮೆಲ್ಲಗೆ ಇಳಿಯುತ್ತದೆ. ಅತಿ ಚುರುಕಿನ ಸದ್ದುತಡೆ ಆ ಇಳಿಕೆಯನ್ನೇ ಗದ್ದಲವೆಂದು ತಿಳಿದು ನುಂಗಿಬಿಡುತ್ತದೆ. ಫ್ಯಾನಿನ ಹಾಗೆ ಒಂದೇ ಸಮ ಬರುವ ಸದ್ದಿಗೆ ಮಾತ್ರ ಈ ಉಪಾಯ ನಡೆಯುತ್ತದೆ. ಹಾರ್ನಿಗೂ ನಾಯಿ ಬೊಗಳಿದ್ದಕ್ಕೂ ನಡೆಯುವುದಿಲ್ಲ.

ಕೊನೆಗೆ ಕಳಿಸುವ ಮಾತು. ಇಷ್ಟು ಕಷ್ಟಪಟ್ಟದ್ದನ್ನು ವಾಟ್ಸ್ಆ್ಯಪ್‌ನ ವಾಯ್ಸ್ ಮೆಸೇಜಾಗಿ ಓದಿ ಕಳಿಸಬೇಡಿ, ಅದು ದನಿಯನ್ನು ಬಹಳ ಹಿಂಡುತ್ತದೆ. ಫೋನಿನ ರೆಕಾರ್ಡರ್ ಆ್ಯಪ್‌ನಲ್ಲೇ ಓದಿ, ಆ ಫೈಲನ್ನು Document ಆಗಿ ಕಳಿಸಿ. ಸಾಲಿನ ನಡುವೆ ಹಾರ್ನ್ ಬಿದ್ದರೆ ಅದನ್ನು ತಿದ್ದಲು ಕುಳಿತು ಸಂಜೆ ಕಳೆಯಬೇಡಿ. ಅಲ್ಲೇ ನಿಲ್ಲಿಸಿ, ವಾಹನ ದಾಟಿದ ಮೇಲೆ ಆ ವಾಕ್ಯವನ್ನು ಮೊದಲಿನಿಂದ ಮತ್ತೆ ಓದಿ.