ಪರಿಚಯದ ವಿಡಿಯೋ ಕೇಳಿದವರಿಗೆ ಮರುಪತ್ರ

ಸ್ವಪರಿಚಯದ ಕಿರು ವಿಡಿಯೋ ಕಳಿಸಿ ಎಂಬ ಕೋರಿಕೆಗೆ ಬರೆಯುವ ಮರುಪತ್ರದಲ್ಲಿ ಒಪ್ಪಿಗೆಯ ಜೊತೆಗೆ ಮೂರು ಸಂಗತಿ ಖಚಿತವಾಗಬೇಕು: ವಿಡಿಯೋ ಯಾವ ರೂಪದಲ್ಲಿರಬೇಕು, ಎಷ್ಟು ಹೊತ್ತಿನದಾಗಿರಬೇಕು, ಯಾವಾಗ ತಲುಪಬೇಕು. ಈ ಪತ್ರ ಹೋಗಬೇಕಾದದ್ದು ಚಿತ್ರೀಕರಣಕ್ಕೆ ಮೊದಲು. ಉದ್ದಕ್ಕೆ ನಿಲ್ಲಿಸಿ ತೆಗೆದ ವಿಡಿಯೋವನ್ನು ಆಮೇಲೆ ಅಡ್ಡಕ್ಕೆ ಮಾಡಲಾಗದು. ಪರದೆಯ ಎರಡೂ ಬದಿ ಕಪ್ಪು ಪಟ್ಟಿ ಉಳಿಯುತ್ತದೆ, ಇಲ್ಲವೇ ತಲೆಯೋ ಕೈಯೋ ಕತ್ತರಿಸಿಹೋಗುತ್ತದೆ.

ನ್ಯೂಜೆರ್ಸಿಯ ಕನ್ನಡ ಕೂಟವೊಂದು ಆನ್‌ಲೈನ್ ಉಪನ್ಯಾಸಕ್ಕೆ ಮೈಸೂರಿನ ಅಧ್ಯಾಪಕಿಯೊಬ್ಬರನ್ನು ಆಹ್ವಾನಿಸಿದೆ ಎಂದಿಟ್ಟುಕೊಳ್ಳೋಣ. ಬಂದ ಪತ್ರದಲ್ಲಿರುವುದು ಇಷ್ಟೇ: "ಮೇಡಂ, ಜುಲೈ 15ರೊಳಗೆ ನಿಮ್ಮ ಪರಿಚಯದ ಕಿರು ವಿಡಿಯೋ ಕಳಿಸಿಕೊಡಿ." ಹೆಚ್ಚು ಗೊಂದಲವಿರುವುದು ಈ ದಿನಾಂಕದಲ್ಲೇ. ಬೇಸಿಗೆಯಲ್ಲಿ ಭಾರತದ ಗಡಿಯಾರ ನ್ಯೂಜೆರ್ಸಿಗಿಂತ ಒಂಬತ್ತೂವರೆ ಗಂಟೆ ಮುಂದಿರುತ್ತದೆ. ಅಲ್ಲಿ 15ರ ರಾತ್ರಿ 11:59 ಆದಾಗ ಇಲ್ಲಿ 16ರ ಬೆಳಿಗ್ಗೆ 9:29. ಚಳಿಗಾಲದಲ್ಲಿ ಈ ಅಂತರ ಹತ್ತೂವರೆ ಗಂಟೆಗೆ ಏರುತ್ತದೆ. ಆದ್ದರಿಂದ ಗಂಟೆಯನ್ನೂ ಯಾವ ದೇಶದ ಸಮಯ ಎಂಬುದನ್ನೂ ಬರೆದುಬಿಡುವುದು ಕ್ಷೇಮ.

ರೂಪದ ವಿಷಯದಲ್ಲಿ MP4 ಕಡತವನ್ನು ಬಹುತೇಕ ಎಲ್ಲ ಕಂಪ್ಯೂಟರುಗಳೂ ತೆರೆಯುತ್ತವೆ. ಐಫೋನ್ ಸಾಮಾನ್ಯವಾಗಿ MOV ಕಡತ ಕೊಡುತ್ತದೆ. ಕೆಲವು ಹಳೆಯ ಕಂಪ್ಯೂಟರುಗಳಲ್ಲಿ ಅದರ ದನಿ ಮಾತ್ರ ಕೇಳಿ ಚಿತ್ರ ಕಾಣದೆ ಹೋಗಬಹುದು. ಕಳಿಸುವ ದಾರಿಯನ್ನೂ ಕೇಳಬೇಕು. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡದನ್ನು ಲಗತ್ತಿಸಲಾಗದು, ಫೋನಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೋವೇ ಆ ಮಿತಿ ದಾಟುವುದುಂಟು. ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೋ ಆಗಿ ಕಳಿಸಿದರೆ ಚಿತ್ರ ಮಸುಕಾಗುತ್ತದೆ.

ಕೇಳಿದವರು ಏನನ್ನೂ ಸೂಚಿಸದಿದ್ದಾಗ ಬರೀ ಪ್ರಶ್ನೆಗಳ ಪಟ್ಟಿ ಕಳಿಸುವುದಕ್ಕಿಂತ, ತಾವೇ ಒಂದು ಅಳತೆ ಸೂಚಿಸಿ ಒಪ್ಪಿಗೆ ಕೇಳುವುದು ಉತ್ತಮ. ಅವರು "ಸರಿ" ಎಂದರೆ ಸಾಕಾಗುತ್ತದೆ. ಅಧ್ಯಾಪಕಿಯ ಉತ್ತರ ಹೀಗಿರಬಹುದು:

"ನಮಸ್ಕಾರ. ಆಹ್ವಾನಕ್ಕೆ ಧನ್ಯವಾದ. ವಿಡಿಯೋವನ್ನು ಫೋನ್ ಅಡ್ಡ ಹಿಡಿದು ತೆಗೆದು, MP4 ರೂಪದಲ್ಲಿ, ಗೂಗಲ್ ಡ್ರೈವ್ ಲಿಂಕ್ ಮೂಲಕ ಕಳಿಸುತ್ತೇನೆ. ಒಂದೂವರೆ ನಿಮಿಷ ಮೀರದಂತೆ ಕನ್ನಡದಲ್ಲೇ ಮಾತಾಡುತ್ತೇನೆ. ಜುಲೈ 15ರ ಸಂಜೆ 6 ಗಂಟೆಯೊಳಗೆ, ಭಾರತದ ಸಮಯದಂತೆ, ನಿಮ್ಮ ಕೈಸೇರುತ್ತದೆ. ಇದರಲ್ಲಿ ಬದಲಾವಣೆ ಬೇಕಿದ್ದರೆ 10ರೊಳಗೆ ತಿಳಿಸಿ. 11ಕ್ಕೆ ಚಿತ್ರೀಕರಣ ಇಟ್ಟುಕೊಂಡಿದ್ದೇನೆ."

ಇಲ್ಲಿ ಅವಧಿಗೆ "ಮೀರದಂತೆ" ಎಂಬ ಮೇಲ್ಮಿತಿ ಇದೆ. "ಸುಮಾರು ಒಂದೂವರೆ ನಿಮಿಷ" ಎಂದಿದ್ದರೆ ಎರಡು ನಿಮಿಷದ ವಿಡಿಯೋ ಕೂಡ ಅದರಲ್ಲಿ ಸೇರಿಹೋಗುತ್ತಿತ್ತು, ಕಾರ್ಯಕ್ರಮದ ವೇಳಾಪಟ್ಟಿ ಮಾಡುವವರಿಗೆ ಅದು ತೊಂದರೆ. ಒಪ್ಪಿದ ಅವಧಿಯೊಳಗೆ ಮಾತು ಮುಗಿಯುತ್ತದೆಯೇ ಎಂಬುದು ಬರೆದಿಟ್ಟುಕೊಂಡದ್ದನ್ನು ಗಡಿಯಾರ ನೋಡಿಕೊಂಡು ಗಟ್ಟಿಯಾಗಿ ಓದಿದರೆ ತಿಳಿಯುತ್ತದೆ. ಮನಸ್ಸಿನಲ್ಲೇ ಓದಿಕೊಂಡಾಗ ಸಮಯ ಕಡಿಮೆ ಹಿಡಿಯುವುದರಿಂದ ಆ ಲೆಕ್ಕವನ್ನು ನಂಬುವಂತಿಲ್ಲ.

ಡ್ರೈವ್ ಲಿಂಕ್ ಕಳಿಸುವಾಗ ಹಂಚಿಕೆಯ ಆಯ್ಕೆ "Restricted" ಎಂದೇ ಉಳಿದರೆ ಅತ್ತ ಕಡೆಯವರಿಗೆ ವಿಡಿಯೋ ತೆರೆಯುವುದಿಲ್ಲ. ಅದನ್ನು "Anyone with the link" ಎಂದು ಬದಲಿಸಿ, ತಮ್ಮ ಖಾತೆಯಿಂದ ಲಾಗೌಟ್ ಆದ ಬ್ರೌಸರಿನಲ್ಲಿ ಒಮ್ಮೆ ತೆರೆದು ನೋಡಿ, ಆಮೇಲೆ ಲಿಂಕ್ ಕಳಿಸಬೇಕು.