22 ಕೆ.ಜಿ.ನಾ, 22 ಕಿಲೋನ್ಯೂಟನ್ನಾ? ಸಾವನದುರ್ಗದ ಎಪಿಸೋಡಿಗೆ ಒಂದು ತಿದ್ದುಪಡಿ

ಹೋದ ಸಲ ಸಾವನದುರ್ಗದ ಬಂಡೆ ಹತ್ತೋರ ಬಗ್ಗೆ ಎಪಿಸೋಡ್ ಮಾಡಿದ್ವಿ, ನೆನಪಿದೆಯಲ್ಲ? ಅದರ ಟ್ರಾನ್ಸ್‌ಕ್ರಿಪ್ಟ್ ಓದಿದ ಕೇಳುಗರೊಬ್ಬರು ಕೇಳಿದ್ರು: "ಆ ಕೊಂಡಿ ಬರೀ 22 ಕೆ.ಜಿ. ತಡೆಯುತ್ತೆ ಅಂತ ಬರೆದಿದ್ದೀರಿ. ಹಾಗಾದ್ರೆ ಅದಕ್ಕೆ ಮನುಷ್ಯ ಹೇಗೆ ನೇತಾಡ್ತಾನೆ?"

ತಪ್ಪು ನನ್ನದೇ. ಕೊಂಡಿ ಅಂದ್ರೆ ಕ್ಯಾರಬೀನರ್, ಹಗ್ಗ ಸಿಕ್ಕಿಸೋ ಲೋಹದ ಬಳೆ. ಅದರ ಬೆನ್ನ ಮೇಲೆ kN ಅನ್ನೋ ಚಿಹ್ನೆ, ಜೊತೆಗೆ 22 ಅಂತ ಕೊರೆದಿತ್ತು. ಮೈಕ್ ಮುಂದೆ ನಾನು "ಇಪ್ಪತ್ತೆರಡು ಕೆ ಎನ್" ಅಂದೆ. ಟ್ರಾನ್ಸ್‌ಕ್ರಿಪ್ಟಿನಲ್ಲಿ ಅದು ಒಂದು ಕಡೆ "ಕೆ.ಎನ್.", ಇನ್ನೊಂದು ಕಡೆ "ಕಿ.ನ್ಯೂ.", ಮತ್ತೊಂದು ಕಡೆ ಕೈ ಅಭ್ಯಾಸದಲ್ಲಿ "ಕೆ.ಜಿ." ಆಗಿತ್ತು. ಮೂರನ್ನೂ ನಾನೇ ನೋಡಿ ಓಕೆ ಮಾಡಿದ್ದೆ.

ವ್ಯತ್ಯಾಸ ಎಷ್ಟು ಅಂತ ನೋಡೋಣ. ನ್ಯೂಟನ್ ಬಲದ ಅಳತೆ. ಒಂದು ಕೆ.ಜಿ. ಸಕ್ಕರೆ ಪೊಟ್ಟಣವನ್ನು ಭೂಮಿ ಸುಮಾರು 9.8 ನ್ಯೂಟನ್ ಬಲದಿಂದ ಕೆಳಗೆ ಎಳೆಯುತ್ತೆ. 22 ಕಿಲೋನ್ಯೂಟನ್ ಅಂದ್ರೆ 22,000 ನ್ಯೂಟನ್. ಅದನ್ನು 9.8ರಿಂದ ಭಾಗಿಸಿದ್ರೆ ಸುಮಾರು 2,240 ಬರುತ್ತೆ. ಅಂದ್ರೆ ಆ ಕೊಂಡಿ ತಡೆಯೋದು 22 ಕೆ.ಜಿ. ಅಲ್ಲ, ಎರಡು ಟನ್ನಿಗಿಂತ ಹೆಚ್ಚಿನ ಭಾರದ ಎಳೆತ. ಅದೂ ಉದ್ದಕ್ಕೆ ಎಳೆದಾಗ, ಬಾಗಿಲು ಮುಚ್ಚಿರುವಾಗ ಮಾತ್ರ. ಅಡ್ಡಕ್ಕೆ ಎಳೆದ್ರೆ ಎಷ್ಟು, ಬಾಗಿಲು ತೆರೆದಿದ್ರೆ ಎಷ್ಟು ಅಂತ ಅದೇ ಬೆನ್ನ ಮೇಲೆ ಬೇರೆ ಸಣ್ಣ ಅಂಕಿಗಳಿರುತ್ತವೆ. ಸಾಮಾನ್ಯವಾಗಿ 7ರ ಆಸುಪಾಸು. ಹಾಗಾಗಿ ಏಕಮಾನ ತಪ್ಪಿದ್ರೆ ಅಂಕಿಗೆ ಅರ್ಥವೇ ಇರಲ್ಲ.

ಗೊಂದಲ ಎಲ್ಲಿಂದ ಬಂತು? ಕನ್ನಡದಲ್ಲಿ ಏಕಮಾನಗಳನ್ನು ಚಿಕ್ಕದಾಗಿ ಬರೆಯೋಕೆ ನಮಗೆ ಎರಡು ಅಭ್ಯಾಸ ಇವೆ. "ಕಿ.ಮೀ." ಅಂದಾಗ ಕನ್ನಡ ಹೆಸರಿನ ಮೊದಲ ಅಕ್ಷರಗಳನ್ನು ತಗೊಳ್ತೀವಿ. "ಕೆ.ಜಿ." ಅಂದಾಗ ಇಂಗ್ಲಿಷ್ ಅಕ್ಷರಗಳ ಹೆಸರನ್ನೇ ಬರೀತೀವಿ. ಇವೆರಡೂ ಎಲ್ಲರಿಗೂ ಗೊತ್ತಿರೋದ್ರಿಂದ ತೊಂದರೆ ಇಲ್ಲ, ಅವು ಹಾಗೇ ಇರಲಿ. ಆದ್ರೆ ಅಪರೂಪದ ಏಕಮಾನ ಬಂದಾಗ ಒಬ್ಬರು ಒಂದು ಅಭ್ಯಾಸ ಹಿಡಿತಾರೆ, ಇನ್ನೊಬ್ಬರು ಇನ್ನೊಂದು. ಓದುವವರಿಗೆ ಅದು ಎರಡು ಬೇರೆ ಅಳತೆಗಳ ಥರ ಕಾಣುತ್ತೆ.

ಇನ್ನೂ ದೊಡ್ಡ ತೊಡಕು ಏನಂದ್ರೆ, ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅನ್ನೋ ಭೇದ ಇಲ್ಲ. ಏಕಮಾನದ ಚಿಹ್ನೆಗಳು ನಿಂತಿರೋದೇ ಆ ಭೇದದ ಮೇಲೆ. ಅದೇ ಎಪಿಸೋಡಿನಲ್ಲಿ ಎರಡು ಒತ್ತಡದ ಮಾತು ಬಂದಿತ್ತು. ಸಾವನದುರ್ಗದ ತುದಿ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು 87 ಕಿಲೋಪ್ಯಾಸ್ಕಲ್, ಅಂದ್ರೆ 87 kPa. ಕಾಲ ಕೆಳಗಿರೋದು ಗ್ರಾನೈಟ್. ಅಂಥ ಶಿಲೆಯ ತುಂಡನ್ನು ಒತ್ತಿ ಒಡೆಯೋಕೆ ಸಾಮಾನ್ಯವಾಗಿ 100 ಮೆಗಾಪ್ಯಾಸ್ಕಲ್‌ಗಿಂತ ಹೆಚ್ಚು ಒತ್ತಡ ಬೇಕು. ಚಿಹ್ನೆ MPa. ನಾನು ಅದನ್ನು "ಎಂ.ಪಿ.ಎ." ಅಂತ ಬರೆದಿದ್ದೆ. ಆದ್ರೆ mPa ಅಂದ್ರೆ ಮಿಲಿಪ್ಯಾಸ್ಕಲ್. ಕನ್ನಡದಲ್ಲಿ ಅದೂ "ಎಂ.ಪಿ.ಎ." ಅಂತಲೇ ಆಗುತ್ತೆ! ಒಂದಕ್ಕೂ ಇನ್ನೊಂದಕ್ಕೂ ನೂರು ಕೋಟಿ ಪಟ್ಟು ವ್ಯತ್ಯಾಸ. "ಮೆ.ಪ್ಯಾ." ಮತ್ತು "ಮಿ.ಪ್ಯಾ." ಅಂತ ಬರೆದ್ರೆ ಬೇರೆ ಮಾಡಬಹುದು, ನಿಜ. ಆದ್ರೆ ಆಗ ಇಡೀ ಅರ್ಥ ಒಂದು ಸ್ವರದ ಗುರುತಿನ ಮೇಲೆ ನಿಲ್ಲುತ್ತೆ, ಸಣ್ಣ ಸ್ಕ್ರೀನಿನಲ್ಲಿ ಅದು ಕಣ್ಣಿಗೆ ತಪ್ಪೋದು ಸುಲಭ.

ಅದಕ್ಕೇ ನಾವೀಗ ಒಂದು ಪದ್ಧತಿ ಮಾಡ್ಕೊಂಡಿದ್ದೀವಿ: ಹೆಸರು ಕನ್ನಡದ್ದು, ಚಿಹ್ನೆ ಜಗತ್ತಿನದು. ಅಂತರರಾಷ್ಟ್ರೀಯ ಏಕಮಾನ ಪದ್ಧತಿ ಹೇಳೋದೂ ಅದನ್ನೇ. ಏಕಮಾನದ ಹೆಸರು ಆಯಾ ಭಾಷೆಯಲ್ಲಿ ಬೇರೆ ಇರಬಹುದು. ಚಿಹ್ನೆ ಸಂಕ್ಷಿಪ್ತ ರೂಪ ಅಲ್ಲ, ಗಣಿತದ ಗುರುತು ಇದ್ದ ಹಾಗೆ, ಎಲ್ಲಾ ಭಾಷೆಯಲ್ಲೂ ಒಂದೇ. ಕೂಡಿಸುವ ಗುರುತನ್ನು ನಾವು ಕನ್ನಡಕ್ಕೆ ಬದಲಾಯಿಸಲ್ಲ, ಅಲ್ವಾ? ಹಾಗೇ ಇದೂ. ಚಿಹ್ನೆಯ ಮಧ್ಯೆ ಚುಕ್ಕಿ ಹಾಕಿ ಒಡೆಯೋ ಹಾಗೂ ಇಲ್ಲ.

ಹೆಸರನ್ನು ಬರೆಯೋದು ಹೇಗೆ? ಉಪಸರ್ಗ ಮತ್ತು ಏಕಮಾನ ಸೇರಿ ಒಂದೇ ಪದ: ಕಿಲೋಪ್ಯಾಸ್ಕಲ್, ಕಿಲೋನ್ಯೂಟನ್. "ಕಿಲೋ ಪ್ಯಾಸ್ಕಲ್" ಅಂತ ಬಿಡಿಸಲ್ಲ. ಎರಡು ಏಕಮಾನಗಳ ಗುಣಾಕಾರ ಆದ್ರೆ ನಡುವೆ ಜಾಗ ಬಿಡ್ತೀವಿ: ನ್ಯೂಟನ್ ಮೀಟರ್. ಇದು ತಿರುಚು ಬಲದ ಅಳತೆ, ಬೈಕ್ ರಿವ್ಯೂಗಳಲ್ಲಿ ಟಾರ್ಕ್ ಅಂತ ಕೇಳಿರ್ತೀರಿ. 30 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಯನ್ನು 200 ನ್ಯೂಟನ್ ಬಲದಿಂದ ನೇರ ಅಡ್ಡಕ್ಕೆ ಒತ್ತಿದ್ರೆ ನಟ್ಟಿನ ಮೇಲೆ ಬೀಳೋದು 0.3 × 200, ಅಂದ್ರೆ 60 ನ್ಯೂಟನ್ ಮೀಟರ್. ಬಲವನ್ನು ಉದ್ದದಿಂದ ಗುಣಿಸಿದ್ದೀವಿ. ಹಾಗಾಗಿ "ನ್ಯೂಟನ್/ಮೀಟರ್" ಅಂತ ಗೆರೆ ಎಳೆದು ಬರೆದ್ರೆ ತಪ್ಪು, ಅದು ಭಾಗಾಕಾರ ಆಗುತ್ತೆ. ಚಿಹ್ನೆಯಲ್ಲೂ ನಡುವೆ ಎತ್ತರದ ಚುಕ್ಕಿ ಇಡ್ತೀವಿ: N·m. ಎರಡನ್ನೂ ಹಿಂದುಮುಂದು ಮಾಡಿ mN ಅಂದ್ರೆ ಮಿಲಿನ್ಯೂಟನ್. ಪೂರ್ತಿ ಚಿಕ್ಕಕ್ಷರದಲ್ಲಿ nm ಅಂದ್ರೆ ನ್ಯಾನೋಮೀಟರ್, ನಿಮ್ಮ ಫೋನಿನ ಚಿಪ್ ಜಾಹೀರಾತಿನಲ್ಲಿ ಬರುತ್ತಲ್ಲ, ಅದು. ಕನ್ನಡದಲ್ಲಿ "ಎನ್.ಎಂ." ಅಂತ ಬರೆದ್ರೆ ಟಾರ್ಕೋ ಚಿಪ್ಪೋ ಗೊತ್ತಾಗಲ್ಲ.

ಕೊನೆಯದು ಕಾಗುಣಿತ. ಪ್ಯಾಸ್ಕಲ್, ಪಾಸ್ಕಲ್, ಕಿಲೋ, ಕಿಲೊ. ಯಾವುದೂ ಅಪರಾಧ ಅಲ್ಲ. ಆದ್ರೆ ಒಂದೇ ಟ್ರಾನ್ಸ್‌ಕ್ರಿಪ್ಟಿನಲ್ಲಿ ಎರಡೂ ಇದ್ರೆ ಫೋನಿನ ಹುಡುಕಾಟಕ್ಕೆ ಅವು ಬೇರೆ ಬೇರೆ ಪದ. ವಿಭಕ್ತಿ ಸೇರಿದಾಗಲೂ ಜಾಗ್ರತೆ ಬೇಕು: "ನ್ಯೂಟನ್‌ಗೆ" ಅಂತ ಟೈಪ್ ಮಾಡುವಾಗ ನಡುವೆ ಕಾಣದ ಒಂದು ಅಕ್ಷರ ಕೂರುತ್ತೆ, ಹೆಸರು ZWNJ. ಅದು ಬಿಟ್ಟುಹೋದ್ರೆ "ನ್ಯೂಟನ್ಗೆ" ಅಂತ ಒತ್ತಕ್ಷರ ಆಗಿಬಿಡುತ್ತೆ. ನಾವು ಕಿಲೋ, ಪ್ಯಾಸ್ಕಲ್, ನ್ಯೂಟನ್, ಮೀಟರ್ ಅಂತ ನಾಲ್ಕು ರೂಪ ಗೊತ್ತು ಮಾಡಿ ಗೋಡೆಗೆ ಅಂಟಿಸಿದ್ದೀವಿ.

ತಿದ್ದಿದ ವಾಕ್ಯ ಈಗ ಹೀಗಿದೆ: "ಈ ಕ್ಯಾರಬೀನರ್ ಉದ್ದಕ್ಕೆ 22 ಕಿಲೋನ್ಯೂಟನ್ (22 kN) ಎಳೆತ ತಡೆಯುತ್ತೆ, ಅಂದ್ರೆ ಸುಮಾರು 2,240 ಕೆ.ಜಿ. ಭಾರ." ಮೊದಲ ಸಲ ಹೆಸರು ಮತ್ತು ಚಿಹ್ನೆ ಎರಡೂ, ಆಮೇಲೆ ಅಂಕಿಯ ಪಕ್ಕ ಜಾಗ ಬಿಟ್ಟು ಬರೀ ಚಿಹ್ನೆ. ಮೈಕ್ ಮುಂದೆ ಮಾತ್ರ ಯಾವಾಗಲೂ ಪೂರ್ತಿ ಹೆಸರು, ಯಾಕಂದ್ರೆ ಕಿವಿಗೆ ದೊಡ್ಡಕ್ಷರ ಕೇಳಿಸಲ್ಲ.

ಹಳೇ ಟ್ರಾನ್ಸ್‌ಕ್ರಿಪ್ಟ್ ಸರಿಮಾಡಿ ಹಾಕಿದ್ದೀವಿ. ಮತ್ತೆ ಸಿಗೋಣ.