ಒಮ್ಮೆ ಉತ್ತರಿಸಿ ಹೊರಟುಹೋದವರು

ನಮ್ಮ ಮೆಟ್ರೋ 2022ರ ನವೆಂಬರ್ 1ರಿಂದ ವಾಟ್ಸಾಪ್‌ನಲ್ಲೇ ಟಿಕೆಟ್ ಕೊಡಲು ಶುರುಮಾಡಿತು. Hi ಎಂದು ಕಳಿಸಿದರೆ ಅತ್ತಲಿಂದ ಒಂದು ಸಂದೇಶ ಬರುತ್ತದೆ, ಏನು ಬೇಕೆಂದು ಆರಿಸಿಕೊಳ್ಳುತ್ತೇವೆ, ಮಾತು ಮುಂದುವರಿಯುತ್ತದೆ. ಬ್ಯಾಂಕು, ಆಸ್ಪತ್ರೆ, ಗ್ಯಾಸ್ ಏಜೆನ್ಸಿಗಳೂ ಈಗ ಹೀಗೆ ಚಾಟ್‌ನಲ್ಲಿ ಸಿಗುತ್ತವೆ. ಇಂಥ ಸೇವೆಗಳನ್ನು ಕಟ್ಟುವವರು ಗಮನವಿಟ್ಟು ನೋಡಬೇಕಾದ ಒಂದು ಸಂಖ್ಯೆ ಇದೆ: ಮೊದಲ ಸಂದೇಶಕ್ಕೆ ಉತ್ತರಿಸಿದವರಲ್ಲಿ ಎಷ್ಟು ಜನ ಎರಡನೆಯ ಸಂದೇಶಕ್ಕೆ ಉತ್ತರಿಸದೆ ಹೊರಟುಹೋದರು ಎಂಬುದು.

ಮೊದಲ ಸಂದೇಶ ನೋಡಿಯೇ ಹೋದವರ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಅವರು ತಪ್ಪಿ ಬಂದಿರಬಹುದು, ಸುಮ್ಮನೆ ನೋಡಲು ಬಂದಿರಬಹುದು. ಉತ್ತರಿಸಿದವರಿಗಾದರೋ ಏನೋ ಬೇಕಿತ್ತು. ಮೊದಲ ಸಂದೇಶವನ್ನು ನಂಬಿ ಒಂದು ಹೆಜ್ಜೆ ಇಟ್ಟವರು ಅವರು. ಮರುಕ್ಷಣವೇ ಹೊರಟರೆಂದರೆ, ಮೊದಲ ಸಂದೇಶ ಹುಟ್ಟಿಸಿದ ನಿರೀಕ್ಷೆಗೂ ಎರಡನೆಯದು ಕೇಳಿದ್ದಕ್ಕೂ ಎಲ್ಲೋ ತಾಳ ತಪ್ಪಿದೆ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಇಲ್ಲಿನ ಅಂಕಿಗಳೂ ಕಲ್ಪಿತವೇ. ವಿದ್ಯುತ್ ಕಡಿತದ ದೂರು ತೆಗೆದುಕೊಳ್ಳುವ ಒಂದು ವಾಟ್ಸಾಪ್ ಸೇವೆ. ಅದರ ಮೊದಲ ಸಂದೇಶ ಹೀಗಿದೆ: ‘ನಮಸ್ಕಾರ! ನಮ್ಮ ಸೇವೆಗೆ ಸ್ವಾಗತ. ಶುರುಮಾಡಲು ಕೆಳಗಿನ ಬಟನ್ ಒತ್ತಿ.’ 1000 ಜನರಿಗೆ ಇದು ತಲುಪಿತು, 800 ಜನ ಒತ್ತಿದರು. ಕಚೇರಿಯಲ್ಲಿ ಎಲ್ಲರಿಗೂ ಖುಷಿ. ಎರಡನೆಯ ಸಂದೇಶ: ‘ನಿಮ್ಮ ಆರ್‌ಆರ್ ನಂಬರ್ ಕಳಿಸಿ.’ ಇದಕ್ಕೆ ಉತ್ತರ ಬಂದದ್ದು 360 ಜನರಿಂದ. ಕೊನೆಗೆ ದೂರು ದಾಖಲಾದದ್ದು 240. ಅಂದರೆ ಮೊದಲು ಉತ್ತರಿಸಿದವರಲ್ಲಿ 440 ಮಂದಿ, ನೂರಕ್ಕೆ 55 ಜನ, ಎರಡನೆಯ ಮಾತಿಗೇ ಎದ್ದುಹೋದರು.

ತಪ್ಪು ಎರಡನೆಯ ಸಂದೇಶದ್ದೆಂದು ತೋರುತ್ತದೆ, ಅರ್ಧ ನಿಜವೂ ಹೌದು. ಆದರೆ ಆರ್‌ಆರ್ ನಂಬರ್ ಇರುವುದು ಕರೆಂಟ್ ಬಿಲ್ಲಿನ ಮೇಲೆ. ಕತ್ತಲೆಯಲ್ಲಿ ಕೂತವರು ಬಿಲ್ಲು ಎಲ್ಲಿಂದ ಹುಡುಕಬೇಕು? ಅದು ಬೇಕಾಗುತ್ತದೆಂದು ಮೊದಲ ಸಂದೇಶ ಹೇಳಿರಲೇ ಇಲ್ಲ. ಒಂದು ಬಟನ್ ಒತ್ತುವುದು ಬಹಳ ಅಗ್ಗದ ಕೆಲಸ. ಅದನ್ನು ಆಸಕ್ತಿಯೆಂದು ಎಣಿಸಿ ನಾವೇ ಮೋಸಹೋಗುತ್ತೇವೆ.

ಕಾರಣ ಇದೇ ಎಂದು ಗೊತ್ತಾಗುವುದು ಹೇಗೆ? ಹೊರಟುಹೋದವರ ಚಾಟ್‌ಗಳನ್ನು ಕೂತು ಓದಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಓದುವಾಗ ಬಟನ್ ಒತ್ತಿದವರನ್ನೂ ತಾವಾಗಿ ಬರೆದವರನ್ನೂ ಬೇರೆಬೇರೆ ಇಡಬೇಕು. ಬಟನ್ ಒತ್ತಿದವರ ಚಾಟ್ ಆರ್‌ಆರ್ ನಂಬರಿನ ಬಳಿ ಮೌನವಾಗಿ ನಿಂತಿರುತ್ತದೆ. ಬರೆದವರದ್ದು ಬೇರೆ ಕಥೆ. ‘ನಮ್ ಬೀದೀಲಿ ಕರೆಂಟಿಲ್ಲ, ಎಷ್ಟೊತ್ತಿಗೆ ಬರುತ್ತೆ?’ ಎಂದು ಅವರು ಕೇಳಿರುತ್ತಾರೆ, ಯಂತ್ರ ಅದನ್ನು ಅರ್ಥಮಾಡಿಕೊಳ್ಳದೆ ಮತ್ತೆ ಅದೇ ಸ್ವಾಗತ ಸಂದೇಶ ಕಳಿಸಿರುತ್ತದೆ. ಇಬ್ಬರೂ ಒಂದೇ 55ರಲ್ಲಿ ಸೇರಿದ್ದಾರೆ, ಆದರೆ ಒಬ್ಬರಿಗೆ ಬೇಕಾದದ್ದು ಮುನ್ಸೂಚನೆ, ಇನ್ನೊಬ್ಬರಿಗೆ ತಮ್ಮ ಮಾತು ಕೇಳುವ ಕಿವಿ. ಏನು ಬೇಕಾದರೂ ಕೇಳಿ ಎಂದು ಕರೆದು, ನಾಲ್ಕು ಕೆಲಸ ಮಾತ್ರ ಬಲ್ಲ ಸೇವೆಗಳಲ್ಲಿ ಈ ಎರಡನೆಯ ಬಗೆಯ ನಿರ್ಗಮನ ಹೆಚ್ಚು. ಅಲ್ಲಿ ಮೊದಲು ತಿದ್ದಬೇಕಾದದ್ದು ಆ ಕರೆಯನ್ನೇ.

ಎಣಿಕೆಯಲ್ಲೂ ಎಡವುವ ಜಾಗಗಳಿವೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಬಂದವರ ಮೊಬೈಲಿನಲ್ಲಿ Hi ಎಂಬುದು ಮೊದಲೇ ತುಂಬಿಕೊಂಡಿರುತ್ತದೆ; ಅವರು ಕಳಿಸುವ ಗುರುತನ್ನು ಒತ್ತಿದ್ದಷ್ಟೇ. ಅದನ್ನು ಮೊದಲ ಉತ್ತರವೆಂದು ಎಣಿಸಿದರೆ ಇಡೀ ಲೆಕ್ಕ ಒಂದು ಮೆಟ್ಟಿಲು ಜರುಗುತ್ತದೆ. ಸೇವೆಯ ಮೊದಲ ಸಂದೇಶದ ನಂತರ ಬಂದದ್ದೇ ಮೊದಲ ಉತ್ತರ. ಇನ್ನು ಎರಡನೆಯ ಸಂದೇಶ ಸರ್ವರ್ ತೊಂದರೆಯಿಂದ ತಲುಪದೇ ಇದ್ದರೆ ಆ ವ್ಯಕ್ತಿ ಹೊರಟುಹೋದದ್ದಲ್ಲ, ನಾವು ಮಾತು ನಿಲ್ಲಿಸಿದ್ದು. ಅಂಥವನ್ನು ಪಕ್ಕಕ್ಕಿಡಬೇಕು. ಕೆಲಸ ಮುಗಿದು ಹೋದವರನ್ನೂ ಅಷ್ಟೇ: ‘ನಿಮ್ಮ ಪ್ರದೇಶದಲ್ಲಿ ದುರಸ್ತಿ ನಡೆದಿದೆ’ ಎಂಬ ಉತ್ತರ ಓದಿ ಸುಮ್ಮನಾದವರು ಸಮಾಧಾನದಿಂದಲೇ ಹೋಗಿರಬಹುದು.

ಎಷ್ಟು ಹೊತ್ತು ಕಾದು ಹೋದರೆಂದು ಬರೆದುಕೊಳ್ಳಬೇಕು ಎಂಬುದೂ ಮುಖ್ಯ. ಹತ್ತು ನಿಮಿಷಕ್ಕೇ ಗೆರೆ ಎಳೆದರೆ, ಬಿಲ್ಲು ಹುಡುಕಿ ಅರ್ಧ ಗಂಟೆಯ ಮೇಲೆ ಬಂದವರನ್ನೂ ಕಳೆದುಕೊಂಡಂತೆ ಲೆಕ್ಕ ತೋರಿಸುತ್ತದೆ. ಹಳೆಯ ಚಾಟ್‌ಗಳಲ್ಲಿ ಜನ ಎಷ್ಟು ಹೊತ್ತಿಗೆ ಮರಳುತ್ತಾರೆಂದು ನೋಡಿ, ಇನ್ನು ಬರುವವರು ಹೆಚ್ಚಿಲ್ಲ ಎನ್ನಿಸುವ ಜಾಗದಲ್ಲಿ ಗೆರೆ ಎಳೆಯುವುದು ಸರಿ. ವಾಟ್ಸಾಪ್‌ನ ನಿಯಮವೊಂದು ಇಲ್ಲಿ ನೆರವಿಗೆ ಬರುತ್ತದೆ: ಗ್ರಾಹಕರ ಕೊನೆಯ ಸಂದೇಶದಿಂದ 24 ಗಂಟೆ ಕಳೆದ ಮೇಲೆ ಸಂಸ್ಥೆಗಳು ಮುಂಚೆಯೇ ಒಪ್ಪಿಗೆ ಪಡೆದ ನಮೂನೆಯ ಸಂದೇಶಗಳನ್ನಷ್ಟೇ ಕಳಿಸಬಹುದು. ಹಾಗಾಗಿ 24 ಗಂಟೆಯನ್ನೇ ಗಡಿಯಾಗಿ ಇಟ್ಟುಕೊಳ್ಳುವುದು ಸಹಜ. ಆದರೆ ನಿನ್ನೆ ಸಂಜೆಯ ಚಾಟ್‌ಗಳನ್ನು ಇವತ್ತು ಬೆಳಿಗ್ಗೆಯೇ ಲೆಕ್ಕಕ್ಕೆ ಸೇರಿಸಬಾರದು, ಅವುಗಳ ಹೊತ್ತು ಇನ್ನೂ ಮುಗಿದಿಲ್ಲ.

ಈಗ ಮೊದಲ ಸಂದೇಶವನ್ನು ಬದಲಿಸೋಣ. ‘ನಮಸ್ಕಾರ. ಕರೆಂಟ್ ಹೋಗಿದ್ದರೆ ಇಲ್ಲಿ ದೂರು ಕೊಡಬಹುದು. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಬೇಕಾಗುತ್ತದೆ. ಅದು ಹತ್ತಿರ ಇಲ್ಲದಿದ್ದರೆ ನೀವು ನೋಂದಾಯಿಸಿದ ಮೊಬೈಲ್ ನಂಬರ್ ಸಾಕು.’ ಕೆಳಗೆ ಬಟನ್‌ಗಳು. ವಾಟ್ಸಾಪ್‌ನಲ್ಲಿ ಇಂಥ ಬಟನ್‌ಗಳು ಮೂರಕ್ಕಿಂತ ಹೆಚ್ಚು ಇರುವಂತಿಲ್ಲ, ಪ್ರತಿಯೊಂದರ ಬರಹ 20 ಅಕ್ಷರ ಮೀರುವಂತಿಲ್ಲ. ಕಂಪ್ಯೂಟರ್ ನಮ್ಮ ಗುಣಿತ, ವಿರಾಮ ಚಿಹ್ನೆಗಳನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆಯಾದ್ದರಿಂದ ಕನ್ನಡದಲ್ಲಿ ಜಾಗ ಬೇಗ ತುಂಬುತ್ತದೆ. ‘ಕರೆಂಟ್ ಇಲ್ಲ’ ಎಂದು ಬರೆದರೆ ಸಾಕು, ಜನ ಹೇಳುವುದೂ ಹಾಗೆಯೇ.

ಈ ಸಂದೇಶಕ್ಕೆ 1000 ಜನರಲ್ಲಿ 550 ಜನ ಮಾತ್ರ ಉತ್ತರಿಸಿದರು ಎನ್ನೋಣ. ಎರಡನೆಯದಕ್ಕೂ ಉತ್ತರಿಸಿದವರು 440, ದೂರು ದಾಖಲಾದದ್ದು 330. ಮೊದಲ ಉತ್ತರ ಇಳಿದಿದೆ, ಆದರೂ ನಡುವೆ ಬಿಟ್ಟವರು ನೂರಕ್ಕೆ 20 ಮಾತ್ರ, ಮುಗಿದ ಕೆಲಸ 90 ಹೆಚ್ಚು. ಬರೀ ಮೊದಲ ಉತ್ತರವನ್ನು ನೋಡುವವರು ಈ ಒಳ್ಳೆಯ ಸಂದೇಶವನ್ನು ಕಿತ್ತುಹಾಕಿಬಿಡುತ್ತಿದ್ದರು.

ಬಿಟ್ಟುಹೋದವರ ಪ್ರಮಾಣ ಇಳಿಸಿದರೆ ಸಾಕು ಎಂದುಕೊಳ್ಳುವುದೂ ತಪ್ಪೇ. ಷರತ್ತುಗಳನ್ನೆಲ್ಲ ತುಂಬಿದ ಉದ್ದದ ಸಂದೇಶ ಇಟ್ಟರೆ 200 ಜನ ಮಾತ್ರ ಉತ್ತರಿಸಬಹುದು. ಅವರಲ್ಲಿ 180 ಜನ ಮುಂದುವರಿದು 150 ದೂರು ದಾಖಲಾಗಬಹುದು. ಬಿಟ್ಟವರು ನೂರಕ್ಕೆ ಹತ್ತೇ, ಮೂರರಲ್ಲೂ ಕಡಿಮೆ. ಆದರೆ ಗಟ್ಟಿ ಮನಸ್ಸಿನವರನ್ನಷ್ಟೇ ಉಳಿಸಿಕೊಂಡು ಉಳಿದವರನ್ನು ಬಾಗಿಲಲ್ಲೇ ಕಳಿಸಿದ ಲೆಕ್ಕ ಅದು. ಆದ್ದರಿಂದ ಕೊನೆಯ ತೀರ್ಪನ್ನು ಯಾವಾಗಲೂ ಮೊದಲ ಸಂದೇಶ ತಲುಪಿದ ಅಷ್ಟೂ ಜನರ ಮೇಲೆ ಕೊಡಬೇಕು. ನಡುವೆ ಬಿಟ್ಟವರ ಪ್ರಮಾಣ ನೋವು ಎಲ್ಲಿದೆ ಎಂದು ತೋರಿಸುತ್ತದೆ, ಗುಣವಾಯಿತೇ ಎಂದು ಹೇಳುವುದಿಲ್ಲ. ಸಂದೇಶಗಳನ್ನು ಒಂದೇ ವಾರಗಳಲ್ಲಿ, ಬಂದವರಿಗೆ ಚೀಟಿ ಎತ್ತಿದಂತೆ ಹಂಚಿ ಹೋಲಿಸಬೇಕು. ಮಳೆಗಾಲದ ವಾರವನ್ನು ಬೇಸಿಗೆಯ ವಾರದ ಜೊತೆ ಹೋಲಿಸಿದರೆ ಏನೂ ತಿಳಿಯದು. ಸಾವಿರ ಜನರಲ್ಲಿ ಎರಡು ಮೂರು ಪ್ರತಿಶತದ ಅಂತರ ಸುಮ್ಮನೆ ಆಕಸ್ಮಿಕವಾಗಿಯೂ ಬರುತ್ತದೆ.

ಚಾಟ್‌ನ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಉಳಿಯುತ್ತದೆ. ಎರಡನೆಯ ಸಂದೇಶದ ಬಳಿ ಕೈಬಿಟ್ಟವರಲ್ಲಿ ಕೆಲವರು ಮರುನಿಮಿಷವೇ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿರುತ್ತಾರೆ. ಆ ದಿನದ ಕರೆಗಳನ್ನೂ ಚಾಟ್‌ನಲ್ಲಿ ನಿಂತುಹೋದ ನಂಬರ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡುವ ಕಚೇರಿಗೆ ಮಾತ್ರ ಯಾರು ನಿಜವಾಗಿ ಬೇಸತ್ತು ಸುಮ್ಮನಾದರು, ಯಾರು ಬೇರೆ ದಾರಿ ಹಿಡಿದರು ಎಂಬುದು ತಿಳಿಯುತ್ತದೆ.